ಕಂಬ ತೆಗೆದ ಜಾಗಕ್ಕೆ ಒಂದು ಹೂಕುಂಡ

ಫೋಟೋದಲ್ಲಿ ಆಕಾಶದ ಮೇಲಿರೋ ವೈರ್ ತೆಗೆಯೋದು ಏನೇನೂ ಕಷ್ಟ ಅಲ್ಲ. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಜನ ಅದನ್ನೇ ನೋಡಿ ಬಾಯಿ ಬಿಡ್ತಾರೆ. "ಅಬ್ಬಾ, ಅಷ್ಟೊಂದು ಕೇಬಲ್ ಇತ್ತಲ್ಲ ಮೇಡಂ, ಎಲ್ಲಿ ಹೋಯ್ತು?" ಅಂತಾರೆ. ಎಲ್ಲಿಗೂ ಹೋಗಿಲ್ಲ, ಬೀದೀಲೇ ಇದೆ, ಹೋಗ್ತಾ ತಲೆಯೆತ್ತಿ ನೋಡಿ ಅಂತೀನಿ. ಆಕಾಶ ಅಂದ್ರೆ ಬರೀ ಬಣ್ಣ. ವೈರಿನ ಪಕ್ಕದಲ್ಲೇ ಇರೋ ಬಣ್ಣ ಎತ್ತಿ, ಸಣ್ಣ ಸಣ್ಣದಾಗಿ ಒತ್ತುತ್ತಾ ಹೋದರೆ ಮುಗೀತು. ಒಂದೇ ಸಲ ಎಳೆದರೆ ಮಾತ್ರ ಅಲ್ಲೊಂದು ನುಣ್ಣನೆ ಗೆರೆ ಉಳಿದು ವೈರ್ ಇದ್ದದ್ದಕ್ಕೆ ತಾನೇ ಸಾಕ್ಷಿ ಹೇಳತ್ತೆ.

ಕಷ್ಟ ಇರೋದು ವೈರು ಕಟ್ಟಡಕ್ಕೆ ತಾಗೋ ಕಡೆ. ಅಲ್ಲಿ ಬಣ್ಣ ಬೆರೆಸೋ ಬ್ರಷ್ ಹಿಡಿದ್ರೆ ಪ್ಯಾರಪೆಟ್ಟಿನ ಕಪ್ಪು ಆಕಾಶಕ್ಕೆ ಹರಡಿ ಹೊಗೆ ಎದ್ದಂಗಾಗತ್ತೆ. ಅದಕ್ಕೆ ಅಂಚಿನಲ್ಲಿ ಬೆರೆಸಬಾರದು, ಪಕ್ಕದ ಅಂಚನ್ನೇ ಹಾಗ್ಹಾಗೇ ನಕಲು ಮಾಡಿ ಕೂರಿಸಬೇಕು. ಮರದ ಮೇಲೆ ಹಾದಿದ್ರೆ ಒಂದೇ ಎಲೆಗೊಂಚಲನ್ನ ಎರಡು ಸಲ ಇಟ್ಟು ಸಿಕ್ಕಿಹಾಕ್ಕೋಬಾರದು. ಎಲ್ಲಕ್ಕಿಂತ ಕಷ್ಟ ಕಂಬ. ವೈರು ಬೆರಳಷ್ಟು ಜಾಗ ಮುಚ್ಚಿದ್ರೆ ಕಂಬ ಒಂದು ಬಾಗಿಲಷ್ಟು ಮುಚ್ಚಿರತ್ತೆ. ಅದರ ಹಿಂದೆ ಏನಿತ್ತೋ ಕ್ಯಾಮೆರಾಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಾವು ಹುಟ್ಟಿಸಬೇಕು.

ಆರ್.ಟಿ. ನಗರದಲ್ಲಿ ಬೇಕರಿ ಮೇಲಿನ ಮಹಡೀಲಿ ನಮ್ಮ ಸ್ಟುಡಿಯೋ. ಫೋಟೋ ತೆಗೆಯೋದು ನಮ್ಮನೆಯವರು, ಟಚಿಂಗ್ ನಾನು. ಮದುವೆಯಾಗಿ ಬಂದ ಹೊಸದರಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸೋದು ಕಲಿತೆ, ಆಮೇಲೆ ಕಂಪ್ಯೂಟರ್ ಬಂತು. ಅಂದಿನಿಂದ ಇಂದಿನವರೆಗೂ ಮದುಮಕ್ಕಳ ಮೊಡವೆ, ಅಜ್ಜಂದಿರ ಪಾಸ್‌ಪೋರ್ಟ್ ಫೋಟೋ, ಕಟ್ಟಡಗಳ ಮುಂದಿನ ವೈರು, ಇಷ್ಟರಲ್ಲೇ ನನ್ನ ಆಯಸ್ಸು ಹೋಯ್ತು. ಬಾಯಿ ಜೋರು ಅಂತಾರೆ ನನ್ನ. ಕಣ್ಣು ಅದಕ್ಕಿಂತ ಜೋರು. ಬೇರೆಯವರು ಮಾಡಿದ ಟಚಿಂಗ್ ಬಸ್ ಮೇಲೆ ಅಂಟಿಸಿದ್ರೂ ಕಂಡುಹಿಡೀತೀನಿ, ಇಲ್ಲಿ ತೇಪೆ ಇದೆ ಅಂತ. ನನ್ನ ತೇಪೆ ಯಾರೂ ಕಂಡುಹಿಡಿದಿಲ್ಲ. ಆ ಜಂಬ ಇತ್ತು ನನಗೆ, ಈಗ ಸುಳ್ಳು ಯಾಕೆ ಹೇಳಲಿ.

ತಣಿಸಂದ್ರದ ಕಡೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟ್ ಒಂದರ ಮ್ಯಾನೇಜರ್ ಫೋನ್ ಮಾಡಿದ್ರು. ಫ್ಲ್ಯಾಟು ಇನ್ನೂ ಮಾರಾಟಕ್ಕಿತ್ತು, ಒಬ್ಬರೂ ಬಂದು ಸೇರಿರಲಿಲ್ಲ. ಬ್ರೋಷರ್‌ಗೆ ಬೀದಿ ಕಡೆಯಿಂದ ಒಂದು ಒಳ್ಳೆ ಫೋಟೋ ಬೇಕು. "ಕಂಬ ಆಗ್ಲಿ, ವೈರ್ ಆಗ್ಲಿ ಒಂದೂ ಕಾಣ್ಬಾರ್ದು ಸಾರ್. ನೋಡ್ದೋರು ವಾವ್ ಅನ್ಬೇಕು" ಅಂದ್ರಂತೆ. ನಮ್ಮನೆಯವರು ಬೆಳಿಗ್ಗೆ ಬಿಸಿಲು ಗೋಡೆಗೆ ಬೀಳೋ ಹೊತ್ತಿಗೆ ಹೋಗಿ ತೆಗೆದುಕೊಂಡು ಬಂದ್ರು.

ಕಂಪ್ಯೂಟರಿಗೆ ಹಾಕಿ ನೋಡಿದೆ. ಅಯ್ಯೋ ಶಿವನೇ! ಗೇಟಿನ ಬಲಕ್ಕೆ ಸರಿಯಾಗಿ ಒಂದು ಸಿಮೆಂಟ್ ಕಂಬ, ಅದರಿಂದ ನಾಕೂ ದಿಕ್ಕಿಗೆ ಕರೆಂಟ್ ತಂತಿ, ಅದರ ಕೆಳಗೆ ಇಂಟರ್ನೆಟ್ಟಿನ ಕೇಬಲ್ ಸುರುಳಿ ಸುರುಳಿಯಾಗಿ ನೇತಾಡ್ತಿದೆ. ಲಾಬಿಯ ಗಾಜಿನ ಬಾಗಿಲಲ್ಲೂ ವೈರಿನ ಪ್ರತಿಬಿಂಬ. ಇಷ್ಟು ಸಾಲದು ಅಂತ ಕಂಬದ ಹಿಂದೆ ಒಬ್ಬ ಮನುಷ್ಯ.

"ರೀ, ಇದ್ಯಾರ್ರೀ ಕಂಬದ ಹಿಂದೆ?" ಅಂದೆ.

"ಅಲ್ಲಿ ವಾಚ್‌ಮನ್ ಕಣೇ. ಸ್ವಲ್ಪ ಮರೆಗೆ ಹೋಗಪ್ಪಾ ಅಂದೆ. ಪಾಪ, ಕಂಬದ ಹಿಂದೆ ಹೋಗಿ ನಿಂತ್ಕೊಂಡ. ಅರ್ಧ ಆಚೆ ಕಾಣ್ತಿದೆ ಅಂತ ನಾನೂ ನೋಡ್ಲಿಲ್ಲ."

ಕಂಬ ಆತನ ಬಲ ಅರ್ಧ ಮುಚ್ಚಿತ್ತು. ಎಡ ಅರ್ಧ ಇತ್ತು. ಒಂದು ಕಣ್ಣು, ಅರ್ಧ ಮೀಸೆ, ಒಂದು ಕಿವಿ, ನೀಲಿ ಶರ್ಟಿನ ಒಂದು ತೋಳು, ಕತ್ತಿಂದ ನೇತಾಡೋ ಸೀಟಿಯ ದಾರ, ರಬ್ಬರ್ ಚಪ್ಪಲಿ ಹಾಕಿದ ಒಂದು ಕಾಲು. ಆ ಒಂದು ಕಣ್ಣು ನೇರ ಕ್ಯಾಮೆರಾನೇ ನೋಡ್ತಿತ್ತು. ಅವಿತುಕೊಂಡವರು ಹಾಗೆ ನೋಡಲ್ಲ. ಫೋಟೋಗೆ ನಿಂತವರು ನೋಡೋದು.

ಕಂಬ ತೆಗೆದ್ರೆ ಅರ್ಧ ಮನುಷ್ಯ ಉಳೀತಾನೆ. ಅರ್ಧ ಮನುಷ್ಯನ್ನ ಇಟ್ಟುಕೊಂಡು ಏನು ಮಾಡ್ಲಿ? ಈಗಿನ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಬಂದಿದೆ, ಒತ್ತಿದ್ರೆ ತಾನೇ ಊಹೆ ಮಾಡಿ ತುಂಬಿಸತ್ತೆ. ನೋಡೋಣ ಅಂತ ಒತ್ತಿದೆ. ಮಿಕ್ಕ ಅರ್ಧಕ್ಕೆ ಯಾರದೋ ಬೆಳ್ಳಗಿನ ಕೆನ್ನೆ ತಂದು ಅಂಟಿಸ್ತು. ಒಂದು ಮುಖದಲ್ಲಿ ಎರಡು ವಯಸ್ಸು. ಇನ್ನೊಂದು ಸಲ ಒತ್ತಿದ್ರೆ ಕೊರಳಿಗೆ ಟೈ ಬಂತು. ನಾನೂ ನಮ್ಮನೆಯವರೂ ಬಿದ್ದೂ ಬಿದ್ದೂ ನಕ್ವಿ. ಆ ನಗು ಈಗ ನೆನೆಸಿಕೊಂಡ್ರೆ ನನಗೇ ಒಂದು ಬಾರಿಸಿಕೊಳ್ಳೋಣ ಅನ್ಸತ್ತೆ.

ಆಮೇಲೆ ಕೆಲಸಕ್ಕೆ ಕೂತೆ. ಕಂಬದ ಜೊತೆ ಆತನ್ನೂ ತೆಗೆದೆ.

ಹೇಗೆ ತೆಗೆದೆ ಅಂತ ಹೇಳಲೇಬೇಕು, ಮುಂದಿನ ಕಥೆಯೆಲ್ಲಾ ಅದರ ಮೇಲೇ ನಿಂತಿದೆ. ನಾನು ಯಾವತ್ತೂ ಫೋಟೋ ಮೇಲೇ ಕೈ ಆಡಿಸಲ್ಲ. ಮೇಲೊಂದು ಖಾಲಿ ಲೇಯರ್ ಹಾಕ್ಕೋತೀನಿ. ಫೋಟೋ ಮೇಲೆ ಗಾಜಿನ ಹಾಳೆ ಹಾಸಿದಂಗೆ ಅಂದ್ಕೊಳ್ಳಿ. ತೇಪೆಯೆಲ್ಲ ಆ ಹಾಳೆ ಮೇಲೆ, ಕೆಳಗಿನ ಫೋಟೋ ಕೂದಲು ಕೊಂಕದಂಗೆ ಇರತ್ತೆ. ಪಕ್ಕದ ಕಾಂಪೌಂಡ್ ಗೋಡೆಯಿಂದ ತುಂಡು ಎತ್ತಿ, ಗೋಡೆಯ ಅಡ್ಡಗೆರೆಗಳು ಒಂದಕ್ಕೊಂದು ಸೇರೋ ಹಾಗೆ ಕೂರಿಸಿದೆ. ಆದ್ರೆ ದೂರ ಹೋದಂತೆ ಗೋಡೆ ಸಣ್ಣದಾಗತ್ತಲ್ಲ, ಕೆಳಗೆ ಆತನ ಕಾಲಿದ್ದ ಕಡೆ ಗೆರೆಗಳು ಸೇರಲೇ ಇಲ್ಲ. ಎಷ್ಟು ಜಗ್ಗಿದ್ರೂ ಒಂದು ಕೂದಲೆಳೆ ಹೆಚ್ಚುಕಮ್ಮಿ. ಅದನ್ನ ಮುಚ್ಚೋಕೆ ಏನಾದ್ರೂ ಬೇಕಿತ್ತು. ಗೇಟಿನ ಎಡಗಡೆ ಒಂದು ಕ್ರೋಟನ್ ಗಿಡದ ಕುಂಡ ಇತ್ತು. ಅದನ್ನೇ ಎತ್ತಿ ತಂದು ಬಲಗಡೆನೂ ಒಂದು ಇಟ್ಟೆ.

ಕಲಿಯೋ ಹುಡುಗರಾದ್ರೆ ಕುಂಡವನ್ನ ಕನ್ನಡಿ ತಿರುಗಿಸಿದಂಗೆ ತಿರುಗಿಸಿ ಇಡ್ತಾರೆ. ಆಗ ಬಿಸಿಲೂ ತಿರುಗಿಬಿಡತ್ತೆ, ಒಂದು ಬೀದೀಲಿ ಎರಡು ಸೂರ್ಯ. ನಾನು ತಿರುಗಿಸಲಿಲ್ಲ. ಎಡಗಡೆ ಗಿಡದ ಒಂದು ಎಲೆ ಹರಿದಿತ್ತು, ಬಲಗಡೆಯದರಲ್ಲಿ ಅದನ್ನ ಸರಿಮಾಡಿದೆ. ಕುಂಡದ ಅಂಚು ಒಡೆದಿತ್ತು, ಅದನ್ನೂ ಮುಚ್ಚಿದೆ. ನಾಲ್ಕು ಎಲೆ ಜಾಗ ಬದಲಾಯಿಸಿದೆ. ಕಂಬದ ನೆರಳು ತೆಗೆದೆ, ಆತನ ನೆರಳು ಫುಟ್‌ಪಾತ್ ಮೇಲೆ ಬಿದ್ದು ಗೋಡೆಗೆ ಹತ್ತಿತ್ತು, ಅದನ್ನೂ ತೆಗೆದೆ. ಕುಂಡಕ್ಕೆ ಹೊಸ ನೆರಳು ಬರೆದೆ. ಗಾಜಿನ ಬಾಗಿಲನ್ನೂ ಬಿಡಲಿಲ್ಲ. ಮುಗಿಸಿ ಹಿಂದಕ್ಕೆ ಒರಗಿ ನೋಡಿದ್ರೆ, ಹೂವಿನ ಮೇಲಿಟ್ಟು ಪೂಜೆ ಮಾಡಬೇಕು, ಹಾಗಿತ್ತು ಕೆಲಸ. ಮ್ಯಾನೇಜರ್ ಒಂದೇ ಸಲಕ್ಕೆ ಓಕೆ ಅಂದ್ರು.

ಓಕೆ ಬಂದ ಮೇಲೆ ನಮ್ಮಲ್ಲೊಂದು ಪದ್ಧತಿ. ಲೇಯರ್ ಇರೋ ಫೈಲ್ ಇಟ್ಟುಕೊಳ್ಳೋದು, ಕ್ಯಾಮೆರಾದಿಂದ ಬಂದ ಫೈಲ್ ಅಳಿಸೋದು, ಕಾರ್ಡ್ ಖಾಲಿ ಮಾಡಿ ಮುಂದಿನ ಮದುವೆಗೆ ಒಯ್ಯೋದು. ಜಾಗ ಉಳಿಸೋಕೆ. ಹೇಗೂ ಕೆಳಗಿನ ಲೇಯರಿನಲ್ಲಿ ಒರಿಜಿನಲ್ ಇರತ್ತಲ್ಲ! ಅದನ್ನ ಯಾರಾದ್ರೂ ಒರಿಜಿನಲ್ ಅಲ್ಲ ಅಂತಾರೆ ಅನ್ನೋ ಯೋಚನೆ, ದೇವರಾಣೆಗೂ, ಇಷ್ಟು ವರ್ಷದಲ್ಲಿ ನಮ್ಮಿಬ್ಬರಿಗೂ ಬಂದಿರಲಿಲ್ಲ.

ಎರಡು ತಿಂಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಒಬ್ಬಳು ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಮೂವತ್ತೈದರ ಮೇಲಿರಲ್ಲ. ಹಣೆ ಬೋಳು. ಕೈಯಲ್ಲಿ ನಮ್ಮ ಸ್ಟುಡಿಯೋದ ಕಾರ್ಡು, ಬೆವರಿಗೆ ಮೆತ್ತಗಾಗಿತ್ತು.

"ಅಕ್ಕಾ, ಈ ಪೋಟೋ ಅಂಗ್ಡಿ ಇದೇನಾ?"

ಹೌದು, ಕೂತ್ಕೋಮ್ಮ ಅಂದೆ. ಕೂರಲಿಲ್ಲ.

"ನಮ್ ಯಜಮಾನ್ರು ತಣಿಸಂದ್ರದ ಬಿಲ್ಡಿಂಗಲ್ಲಿ ವಾಚ್‌ಮನ್ ಆಗಿದ್ರು. ಇಲ್ಲಿಂದ ಒಬ್ರು ಅಣ್ಣ ಬಂದು ಪೋಟೋ ಇಡುದ್ರಂತೆ. ಈ ಕಾರ್ಡೂ ಅವ್ರೇ ಕೊಟ್ಟಿದ್ದು. ಮನೇಗ್ ಬಂದು ಏಳುದ್ರು, ಇವತ್ತು ನನ್ ಪೋಟೋ ಬಿದ್ದೈತೆ ಕಣೇ, ಅರ್ಧನಾದ್ರೂ ಬಿದ್ದಿರ್ತೈತೆ ಅಂತ. ಆ ಪೋಟೋ ಬೇಕಾಗಿತ್ತು."

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯ್ತು ನನಗೆ. ಯಾಕಮ್ಮ, ಏನಾಯ್ತು ಅಂದೆ, ಧ್ವನಿ ಸಣ್ಣ ಮಾಡಿಕೊಂಡು.

ನಿಂತುಕೊಂಡೇ ಹೇಳಿದಳು. ಅವಳ ಗಂಡನ್ನ ಕೆಲಸಕ್ಕೆ ಸೇರಿಸಿದ್ದು ಒಬ್ಬ ಮೇಸ್ತ್ರಿ. ಕಾಗದ ಪತ್ರ ಏನೂ ಇಲ್ಲ, ಒಂದು ನೀಲಿ ಶರ್ಟು, ಒಂದು ಸೀಟಿ, ಅಷ್ಟೇ. ಒಂದು ದಿನ ಸಂಪಿನ ಮೋಟಾರ್ ನೀರೆಳೀತಿಲ್ಲ, ಇಳಿದು ನೋಡು ಅಂದ್ರಂತೆ. ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಸಂಪು. ಇಳಿದವನು ಹತ್ತಲಿಲ್ಲ, ಉಸಿರುಗಟ್ಟಿ ಹೋದ. ಆಮೇಲೆ ಬಿಲ್ಡಿಂಗ್ ಕಟ್ಟಿಸಿದ ಕಂಪನಿಯವರು ಬರೆದುಕೊಟ್ಟದ್ದು ಏನು ಗೊತ್ತಾ? ಈ ಮನುಷ್ಯ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಯಾರೋ ಹೊರಗಿನವನು, ಮೋಟಾರ್ ಕದಿಯೋಕೆ ಇಳಿದಿದ್ದ. ಮೇಸ್ತ್ರಿ ಫೋನ್ ಎತ್ತಲ್ಲ. ಎದುರಿನ ಟೀ ಅಂಗಡಿಯವನು ನೋಡಿದ್ದಾನೆ, ಬಾಯಿ ಬಿಡಲ್ಲ. ಅಂಗಡಿ ಬಿಲ್ಡಿಂಗ್ ಯಜಮಾನರದ್ದೇ.

"ಕಳ್ಳ ಅಂತ ಬರ್ದವ್ರೆ ಅಕ್ಕಾ. ನನ್ ಮಗಳು ಓದಿ ಏಳುದ್ಲು. ಇಸ್ಕೂಲಲ್ಲೂ ಯಾರೋ ಅಂದ್ರಂತೆ ಅವಳ್ಗೆ. ಅವ್ರು ಅಲ್ಲಿ ಕೆಲ್ಸಕ್ಕಿದ್ರು ಅಂತ ತೋರಿಸ್ಬಿಟ್ರೆ ಸಾಕು, ಇನ್ನೇನೂ ಬ್ಯಾಡ ನಂಗೆ."

ನಾನು ಹಳೇ ಫೈಲ್ ತೆಗೆದೆ. ಪರದೆ ಮೇಲೆ ಹೊಳೆಯೋ ಕಟ್ಟಡ, ತೊಳೆದ ಆಕಾಶ, ಎರಡು ಕುಂಡ. ಅವಳು ಬಗ್ಗಿ ಹುಡುಕಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಮೇಲಿನ ಲೇಯರಿನ ಗುರುತು ಒತ್ತಿದೆ. ತೇಪೆ ಹೋಯ್ತು. ವೈರು ಬಂತು, ಕಂಬ ಬಂತು, ಕಂಬದ ಹಿಂದೆ ಆತನೂ ಬಂದ, ಒಂದು ಕಣ್ಣಲ್ಲಿ ನಮ್ಮನ್ನೇ ನೋಡ್ತಾ. ಅವಳು "ಅಯ್ಯೋ" ಅಂದಳು, ಅಷ್ಟೇ. ನೆಲದ ಮೇಲೆ ಕೂತುಬಿಟ್ಟಳು. ನಾನೂ ಕುರ್ಚಿ ಬಿಟ್ಟು ಅವಳ ಪಕ್ಕ ಕೂತೆ. ನಾನೇ ತೆಗೆದದ್ದಮ್ಮ ಅಂತ ಹೇಳಿದೆ. ಬೈದಿದ್ರೆ ಚೆನ್ನಾಗಿತ್ತು, ಅವಳು ಬೈಯಲಿಲ್ಲ.

"ಸಿಕ್ತಲ್ಲ ಬಿಡಕ್ಕಾ" ಅಂದಳು.

ನಮ್ಮನೆಯವರು ಬಂದ ಮೇಲೆ ಮೂರೂ ಜನ ಮಾತಾಡಿದ್ವಿ. ಇಷ್ಟು ಸ್ಪಷ್ಟವಾಗಿ ಇದೆ, ಸೀಟಿಯ ದಾರ ಸಮೇತ, ಯಾರು ಇಲ್ಲ ಅಂತಾರೆ ನೋಡೇಬಿಡೋಣ ಅಂತ ನಾನೇ ಹಾರಾಡಿದೆ. ಗಂಡ ಅಲ್ಲಿ ಕೆಲಸಕ್ಕಿದ್ದ ಅಂತ ಅವಳು ಹಾಕಿದ್ದ ಅರ್ಜಿಯ ವಿಚಾರಣೆ ಇತ್ತು, ಕಾರ್ಮಿಕರ ಕಚೇರಿಯಲ್ಲಿ. ಲ್ಯಾಪ್‌ಟಾಪ್ ಹಿಡಿದುಕೊಂಡು ನಾವೂ ಹೋದ್ವಿ.

ಅಧಿಕಾರಿ ಕೆಟ್ಟವರೇನಲ್ಲ. ಕನ್ನಡಕ ಹಣೆಗೇರಿಸಿ ಸಮಾಧಾನವಾಗಿ ಕೇಳೋರು. ನಾನು ಮೇಲಿನ ಲೇಯರ್ ಆಫ್ ಮಾಡಿ ತೋರಿಸಿದೆ. ಕಂಬ ಬಂತು, ಮನುಷ್ಯ ಬಂದ. ಹಾಕಿದೆ, ಹೋದ. "ಇನ್ನೊಂದ್ಸಲ ಮಾಡಿ" ಅಂದ್ರು. ಮಾಡಿದೆ. ಪಕ್ಕದ ಟೇಬಲ್ಲಿನವರೂ ಎದ್ದು ಬಂದು ನೋಡಿದ್ರು, ಜಾದೂ ನೋಡಿದಂಗೆ. ಅವರ ಕಣ್ಣಲ್ಲಿ ನಂಬಿಕೆ ಇರಲಿಲ್ಲ, ಬೆರಗಿತ್ತು.

ಕಂಪನಿ ಕಡೆಯಿಂದ ಬಂದಿದ್ದ ಮ್ಯಾನೇಜರ್ ಬ್ರೋಷರ್ ತೆಗೆದು ಟೇಬಲ್ ಮೇಲಿಟ್ರು. "ಸಾರ್, ಇದು ನಮ್ ಬಿಲ್ಡಿಂಗ್ ಫೋಟೋ. ಆ ಜಾಗದಲ್ಲಿ ಏನಿದೆ ನೀವೇ ನೋಡಿ. ಹೂಕುಂಡ ಇದೆ. ಕುಂಡದ ಮೇಲೆ ಮನುಷ್ಯ ನಿಂತ್ಕೊಳಕ್ಕಾಗತ್ತಾ? ಇವರು ಟಚಿಂಗ್ ಮಾಡೋರು. ಆಯಮ್ಮನ ಹತ್ರ ಇದ್ದ ಯಾವ್ದೋ ಹಳೇ ಫೋಟೋ ತಗೊಂಡು ಅಂಟಿಸಿಕೊಟ್ಟಿದಾರೆ. ಪೂರ್ತಿ ಮುಖ ಸಿಕ್ಲಿಲ್ಲ, ಅದಕ್ಕೇ ಕಂಬದ ಹಿಂದೆ ನಿಲ್ಸಿದಾರೆ."

"ರೀ ಸ್ವಾಮಿ, ನಾಲಿಗೆ ಹಿಡಿತದಲ್ಲಿರ್ಲಿ! ಕಂಬ ತೆಗೀರಿ ಅಂತ ಫೋನ್ ಮಾಡಿದ್ದು ನೀವೇ ಅಲ್ವೇನ್ರೀ?" ಅಂತ ನಾನು ಎದ್ದೇಬಿಟ್ಟೆ.

"ಕಂಬ ತೆಗ್ಸಿದ್ದು ನಿಜ. ಇಲ್ಲ ಅಂತ ಯಾರಂದ್ರು? ಎಲ್ರೂ ತೆಗ್ಸೋದೇ. ಮನುಷ್ಯನ್ನ ತೆಗೀರಿ ಅಂದಿದ್ವಾ ಮೇಡಂ?"

ಅಂದಿರಲಿಲ್ಲ.

ಅಧಿಕಾರಿ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದ್ರು. "ಅಮ್ಮಾ, ಈ ಬ್ರೋಷರ್‌ನಲ್ಲಿ ಕಂಬ, ವೈರ್ ಎಲ್ಲಾ ತೆಗೆದಿರೋದು ನೀವೇ ತಾನೆ?"

"ನಾನೇ ಸಾರ್."

ಭೂತಗನ್ನಡಿ ತರಿಸಿ ನೋಡಿದ್ರು. ಕಂಬ ಇದ್ದ ಜಾಗ ಯಾವುದು ಅಂತ ನಾನು ಬೆರಳಿಟ್ಟು ತೋರಿಸಬೇಕಾಯ್ತು. "ಗೊತ್ತೇ ಆಗಲ್ವಲ್ರೀ" ಅಂತ ತಲೆದೂಗಿದ್ರು. ಆಮೇಲೆ ಕೇಳಿದ್ರು, "ಇಷ್ಟು ಚೆನ್ನಾಗಿ ತೆಗೀತೀರಿ. ಇಲ್ಲದೇ ಇರೋದನ್ನ ಹಾಕೋಕೂ ಬರತ್ತಾ ನಿಮಗೆ?"

ಅವಳು ಪಕ್ಕದಲ್ಲಿ ನಿಂತು ನನ್ನ ಬಾಯನ್ನೇ ನೋಡ್ತಿದ್ದಳು. ಇಲ್ಲ ಅನ್ನಬಹುದಿತ್ತು. ಆದ್ರೆ ಆ ಕುಂಡ ಹಾಕಿದವಳು ನಾನೇ, ಅದನ್ನೇ ಅಲ್ವಾ ನಾನು ಅವರಿಗೆ ಹೇಳಬೇಕಾಗಿದ್ದು?

"ಬರತ್ತೆ ಸಾರ್" ಅಂದೆ. "ಈ ಕುಂಡನೇ ನಾನು ಹಾಕಿದ್ದು."

ಮ್ಯಾನೇಜರ್ ನಕ್ಕರು. ಅಧಿಕಾರಿ ಕನ್ನಡಕ ಇಳಿಸಿ ಏನೋ ಬರೆದುಕೊಂಡ್ರು. ಕ್ಯಾಮೆರಾದಿಂದ ನೇರ ಬಂದ ಫೈಲ್ ಇದೆಯಾ ಅಂತ ಕೇಳಿದ್ರು. ಅಳಿಸಿದೀವಿ ಅಂದ್ರು ನಮ್ಮನೆಯವರು, ತಲೆ ತಗ್ಗಿಸಿ. ಕೆಳಗಿನ ಲೇಯರೇ ಒರಿಜಿನಲ್ ಸಾರ್ ಅಂದೆ ನಾನು. "ಎಡಿಟಿಂಗ್ ಫೈಲ್ ಅಮ್ಮಾ ಇದು. ಯಾವ ಲೇಯರ್ ಯಾವಾಗ ಹಾಕಿದ್ರಿ ಅಂತ ನಾನು ಹೇಗೆ ಹೇಳ್ಲಿ?" ಅಂದ್ರು. ಒಂದು ಅವಕಾಶ ಮಾತ್ರ ಕೊಟ್ರು. ಆ ಕುಂಡ ಸುಳ್ಳು ಅಂತ ಮುಂದಿನ ಸಲ ತೋರಿಸಿ, ನೋಡೋಣ.

ಮನೆಗೆ ಬಂದವಳೇ ಅಡಿಗೆನೂ ಮಾಡದೆ ಕಂಪ್ಯೂಟರ್ ಮುಂದೆ ಕೂತೆ. ಬ್ರೋಷರಿನ ಫೋಟೋ ದೊಡ್ಡದು ಮಾಡಿ, ಒಂದೊಂದು ಚುಕ್ಕೇನೂ ಬಿಡದೆ ಹುಡುಕಿದೆ. ಜೀವಮಾನದಲ್ಲಿ ಮೊದಲನೇ ಸಲ, ನನ್ನ ಕೆಲಸದಲ್ಲಿ ಒಂದು ತಪ್ಪು ಸಿಗಲಪ್ಪಾ ಅಂತ ಬೇಡಿಕೊಂಡು ಹುಡುಕಿದೆ. ಎರಡೂ ಕಡೆ ಅದೇ ಹರಿದ ಎಲೆ ಇದ್ದಿದ್ರೆ ಸಾಕಿತ್ತು. ಇರಲಿಲ್ಲ, ಸರಿಮಾಡಿದ್ದೆ. ಅಂಚಿನ ಒಡಕು ಮುಚ್ಚಿದ್ದೆ. ಬಿಸಿಲು ಎರಡೂ ಕುಂಡದ ಒಂದೇ ಮಗ್ಗುಲಿಗೆ ಬಿದ್ದಿತ್ತು. ಆತನ ನೆರಳಾದ್ರೂ ಎಲ್ಲಾದ್ರೂ ತುದಿ ಉಳಿದಿದೆಯಾ ಅಂತ ಫುಟ್‌ಪಾತ್ ಪೂರ್ತಿ ನೋಡಿದೆ. ಕಲ್ಲಿನ ಸಂದು ಸಂದಿನಲ್ಲೂ ಒರೆಸಿದ್ದೆ. ಗಾಜಿನ ಬಾಗಿಲು ಕೊನೇ ಆಸೆ. ಅದರಲ್ಲೂ ಬರೀ ಆಕಾಶ. ಥೂ ನಿನ್ನ ಕೈಗೆ ಬೆಂಕಿ ಬೀಳ ಅಂತ ನನ್ನನ್ನೇ ಬೈದುಕೊಂಡೆ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ನೋಡಿದ್ರೆ ಮಾಡಿದವಳು ನಾನು, ಉಣ್ಣೋಳು ಇನ್ನೊಬ್ಬಳು.

"ಅಷ್ಟ್ಯಾಕೆ ಕಣ್ಣು ಕಳ್ಕೋತೀಯ, ಜಾಗಕ್ಕೇ ಹೋಗಿ ಫೋಟೋ ತೆಗೆಯೋಣ. ಅಲ್ಲಿರೋದು ಒಂದೇ ಕುಂಡ ತಾನೆ? ಅಲ್ಲಿಗೆ ಸುಳ್ಳು ಗೊತ್ತಾಗತ್ತೆ" ಅಂದ್ರು ನಮ್ಮನೆಯವರು. ಹೌದಲ್ಲಾ, ಇಷ್ಟು ಸುಲಭದ್ದು ಹೊಳೀಲಿಲ್ವಲ್ಲ ಅಂತ ಮಾರನೇ ಬೆಳಿಗ್ಗೇನೇ ಸ್ಕೂಟರ್ ಹತ್ತಿದ್ವಿ. ಅವಳಿಗೂ ಬರೋಕೆ ಹೇಳಿದ್ವಿ. ಈ ಸಲ ಕ್ಯಾಮೆರಾದ ಫೈಲ್ ಅಳಿಸಿದ್ರೆ ನಿಮ್ಮ ಕೈ ಮುರೀತೀನಿ ಅಂತ ದಾರಿಯುದ್ದಕ್ಕೂ ಅವರಿಗೆ ಹೇಳಿಕೊಂಡು ಹೋದೆ.

ಅವಳು ನಮಗಿಂತ ಮೊದಲೇ ಬಂದು ಬೀದಿಯ ಆ ಕಡೆ ನಿಂತಿದ್ದಳು. ಗೇಟಿನ ಕಡೆ ನೋಡದೆ ನಮ್ಮ ಕಡೆ ನೋಡ್ತಿದ್ದಳು. ಸ್ಕೂಟರ್ ಇಳಿದು ತಿರುಗಿದೆ.

ಕಂಬ ಇತ್ತು. ವೈರು ಇತ್ತು, ಮೊದಲಿಗಿಂತ ಒಂದೆರಡು ಹೆಚ್ಚೇ. ಗೇಟಿನ ಎಡಕ್ಕೆ ಕ್ರೋಟನ್ ಕುಂಡ. ಬಲಕ್ಕೆ ಕಂಬದ ಹಿಂದೆ, ಆತ ನಿಂತಿದ್ದ ಜಾಗದಲ್ಲೇ, ಇನ್ನೊಂದು ಕ್ರೋಟನ್ ಕುಂಡ.

ಗೇಟಿನಲ್ಲಿ ಹೊಸ ವಾಚ್‌ಮನ್ ಇದ್ದ. ಈ ಕುಂಡ ಯಾವಾಗಿಂದ ಇದೆಯಪ್ಪಾ ಅಂದೆ. "ನಾನ್ ಬಂದಾಗಿಂದ ಐತಮ್ಮ. ಬುಕ್ಕಲ್ಲಿ ಎಲ್ಡು ಐತೆ, ಬಂದೋರು ಕೇಳ್ತಾರೆ, ಇನ್ನೊಂದ್ ತಂದಿಡಿ ಅಂತ ಓನರ್ ಏಳಿದ್ರಂತೆ" ಅಂದ. ಬಂದು ಸಾಕ್ಷಿ ಹೇಳ್ತೀಯಾ ಅಂತ ಕೇಳೋಕೆ ಬಾಯಿ ತೆರೆದೆ. ಅವನ ಕತ್ತಲ್ಲಿ ಅದೇ ಸೀಟಿ, ಮೈಮೇಲೆ ಅದೇ ನೀಲಿ ಶರ್ಟು. ಅವನಿಗೂ ಕಾಗದ ಪತ್ರ ಇದ್ದಿರಲ್ಲ. ಕೇಳಿದೆ, ಅವನು ಗೇಟಿನೊಳಗೆ ಹೋಗಿ ಚಿಲಕ ಹಾಕಿಕೊಂಡ. ಅವನನ್ನ ಬೈಯೋಕೂ ಮನಸ್ಸು ಬರಲಿಲ್ಲ.

ಅವಳು ಬೀದಿ ದಾಟಿ ಬಂದು ಆ ಹೊಸ ಕುಂಡ ನೋಡ್ತಾ ನಿಂತಳು. ಆಮೇಲೆ ಎಡಗಡೆಯದನ್ನ ತೋರಿಸಿದಳು. "ಆ ಗಿಡ ನಮ್ಮೋರು ಊರಿಂದ ತಂದು ನೆಟ್ಟಿದ್ದು" ಅಂದಳು. ನನಗೆ ಅಳು ತಡೆಯೋಕಾಗಲಿಲ್ಲ. ಬೀದಿ ಮಧ್ಯೆ ನಿಂತು ಅತ್ತೆ, ನಾಚಿಕೆ ಬಿಟ್ಟು.

ಮುಂದಿನ ವಿಚಾರಣೆಗೆ ನಾವು ಹೋದ್ವಿ, ಕಂಪನಿಯವರೂ ಬಂದ್ರು, ಎರಡು ಕುಂಡ ಇರೋ ಹೊಸ ಫೋಟೋನೂ ತಂದಿದ್ರು. ಅವರ ಫೋಟೋದಲ್ಲಿ ಕಂಬ ಇತ್ತು, ವೈರೂ ಇತ್ತು. ಒಂದು ಚೂರೂ ಟಚಿಂಗ್ ಮಾಡಿಸಿರಲಿಲ್ಲ. ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು ನಮ್ಮ ಓಡಾಟ. ಸಾಕ್ಷ್ಯ ಸಾಲದು ಅಂತ ಅರ್ಜಿ ಮುಗಿಸಿದ್ರು.

ಅದಾಗಿ ಹತ್ತು ದಿನಕ್ಕೆ ಅವಳು ಮತ್ತೆ ಸ್ಟುಡಿಯೋಗೆ ಬಂದಳು. ಗೋಡೆಗೆ ಹಾಕೋಕೆ ಒಂದು ಫೋಟೋ ಬೇಕಂತೆ. ಮದುವೆಯದು ಬಿಟ್ರೆ ಬೇರೆ ಇಲ್ಲ, ಅದರಲ್ಲಿ ಆತನಿಗೆ ಮೀಸೆಯೇ ಬಂದಿಲ್ಲ. "ಇದ್ರಲ್ಲಿರೋದೇ ಕೊಡಿ" ಅಂದಳು, ಕಂಪ್ಯೂಟರ್ ಕಡೆ ಕೈ ತೋರಿಸಿ. ನಮ್ಮನೆಯವರು ಮೆಲ್ಲಗೆ ಹೇಳಿದ್ರು, ಈಗ ಕಂಪ್ಯೂಟರ್ರೇ ಮಿಕ್ಕ ಅರ್ಧ ತುಂಬಿಸತ್ತಮ್ಮ, ನೀನು ಪಕ್ಕ ಕೂತು ಹೇಳು, ಹತ್ತಿರ ಹತ್ತಿರ ತರಬಹುದು ಅಂತ.

"ಬ್ಯಾಡಣ್ಣ. ಕಂಬನೂ ಇರ್ಲಿ. ಮಿಕ್ಕಿದ್ದು ನಂಗೊತ್ತು."

ಹಾಗೇ ಪ್ರಿಂಟ್ ಹಾಕಿದೆ. ಕಂಬ, ವೈರು, ಕೇಬಲ್ ಸುರುಳಿ, ಒಂದು ಕಣ್ಣು, ಅರ್ಧ ಮೀಸೆ. ಫ್ರೇಮ್ ಹಾಕಿ ಪೇಪರ್ ಸುತ್ತಿ ಕೊಟ್ಟೆ. ಕಂಕುಳಲ್ಲಿ ಇಟ್ಟುಕೊಂಡಳು. ಮೆಟ್ಟಿಲ ತನಕ ಹೋದವಳು ತಿರುಗಿ ಬಂದು, ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಒಂದು ಕಾಗದ ತೆಗೆದು ನನ್ನ ಟೇಬಲ್ ಮೇಲೆ ಹರಡಿದಳು. ಕಂಪನಿಯವರ ಹೇಳಿಕೆಯ ನಕಲು. ಒಂದು ಸಾಲಿನ ಕೆಳಗೆ ಅವಳ ಮಗಳು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಳು. ಓದೋಕೆ ಬರದ ಅವಳ ಬೆರಳು ಸರಿಯಾಗಿ ಆ ಪದದ ಮೇಲೆ ಹೋಗಿ ನಿಂತಿತು.

"ಅಕ್ಕಾ, ಅಷ್ಟೊಂದು ವೈರು, ಕಂಬ ಎಲ್ಲಾ ತೆಗುದ್ರಲ್ಲಾ, ಗುರ್ತೇ ಸಿಗದಂಗೆ. ಇಲ್ಲಿ ಕಳ್ಳ ಅಂತ ಬರ್ದವ್ರಲ್ಲ, ಇದೊಂದ ತೆಗೆಯಕ್ಕೆ ಬರಕಿಲ್ವಾ ನಿಮ್ಗೆ? ಮಗಳು ದಿನಾ ತೆಗ್ದು ಓದ್ತಾಳೆ."

ಬಿಳೀ ಕಾಗದದ ಮೇಲೆ ಎರಡಕ್ಷರ. ಆಕಾಶದ ಮೇಲಿನ ವೈರಿಗಿಂತ ಸುಲಭ, ಒಂದು ನಿಮಿಷದ ಕೆಲಸ. ತೆಗೆದುಕೊಟ್ರೆ ಆ ಮಗು ಒಂದು ರಾತ್ರಿ ನಿದ್ದೆ ಮಾಡ್ತಿತ್ತೋ ಏನೋ. ಆದ್ರೆ ಕಚೇರಿಯ ಫೈಲಿನಲ್ಲಿ ಅದು ಹಾಗೇ ಇರತ್ತೆ, ಬೀದೀಲಿ ಕಂಬ ಇರೋ ಹಾಗೆ. ನಾಳೆ ಇದನ್ನೇ ಹಿಡಿದುಕೊಂಡು ಇವಳು ಇನ್ನೊಂದು ಕಚೇರಿಗೆ ಹೋದ್ರೆ, ತಿದ್ದಿದ ಕಾಗದ ತಂದಿದ್ದಾಳೆ ಅಂತ ಇವಳನ್ನೂ ಕಳ್ಳಿ ಅಂತಾರೆ.

"ಬರಲ್ಲಮ್ಮ" ಅಂದೆ.

ಅವಳು ನಂಬಿದಳು. ಕಾಗದ ಮಡಿಸಿ ಕವರಿನೊಳಗೆ ಇಟ್ಟುಕೊಂಡು, ಫೋಟೋ ಕಂಕುಳಲ್ಲಿ ಸರಿಮಾಡಿಕೊಂಡು, ಬರ್ತೀನಕ್ಕಾ ಅಂತ ಮೆಟ್ಟಿಲಿಳಿದು ಹೋದಳು.